ನೂರು ಕಡೆ ಅರ್ಜಿ ಹಾಕಿದರೂ ಕರೆ ಬರಲಿಲ್ಲವೇ? ಕೆಲಸ ಹುಡುಕುವುದಕ್ಕೂ ಒಂದು ಲೆಕ್ಕದ ಪುಸ್ತಕ



ಸಂಘದ ಸಭೆ ಮುಗಿದು ಪುಸ್ತಕಗಳನ್ನು ಚೀಲಕ್ಕೆ ಹಾಕುವ ಹೊತ್ತಿಗೆ ಯಾರಾದರೊಬ್ಬರು ಹತ್ತಿರ ಬಂದು ಮೆಲ್ಲಗೆ ಕೇಳುವುದು ಈಗ ಸಾಮಾನ್ಯವಾಗಿದೆ. "ಸಿಸ್ಟರ್, ಮಗಳದ್ದು ಡಿಗ್ರಿ ಆಯ್ತು, ಎಲ್ಲೂ ಕೆಲಸ ಸಿಗ್ತಿಲ್ಲ. ನೂರು ಕಡೆ ಅರ್ಜಿ ಹಾಕಿದಾಳೆ. ಎಲ್ಲಾದ್ರೂ ಒಂದು ಮಾತು ಹೇಳಿ." ಭದ್ರಾವತಿ ಹತ್ತಿರದ ಒಂದು ಹಳ್ಳಿಯಲ್ಲಿ ನಮ್ಮ ಸಂಘದ ಸದಸ್ಯೆಯೊಬ್ಬರು ಹೀಗೆ ಕೇಳಿದಾಗ ನಾನು ತಿರುಗಿ ಒಂದೇ ಪ್ರಶ್ನೆ ಕೇಳಿದೆ. ನೂರು ಅರ್ಜಿಯಲ್ಲಿ ಎಷ್ಟು ಕಡೆಯಿಂದ ಕರೆದರು? ತಾಯಿಗೆ ಗೊತ್ತಿರಲಿಲ್ಲ. ಮಗಳನ್ನು ಕೇಳಿದರೆ ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. "ಯಾರೂ ಕರೆಯಲ್ಲ ಸಿಸ್ಟರ್" ಅಂದಳು. ಆಮೇಲೆ ಯೋಚಿಸಿ, "ಒಂದೆರಡು ಕಡೆ ಕರೆದಿದ್ರು" ಅಂದಳು. ಕೂತು ಎಣಿಸಿದಾಗ ಐದು ಕಡೆಯಿಂದ ಕರೆ ಬಂದಿತ್ತು.

ನಮ್ಮ ಸಂಘದಲ್ಲಿ ಯಾರು ಎಷ್ಟು ಉಳಿತಾಯ ಕಟ್ಟಿದರು, ಯಾರ ಸಾಲದ ಕಂತು ಬಾಕಿ ಇದೆ ಅಂತ ಬಾಯಿಮಾತಿನಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ, ಪುಸ್ತಕ ತೆಗೆಯಿರಿ ಅನ್ನುತ್ತೇವೆ. ಕೆಲಸ ಹುಡುಕುವಾಗ ಮಾತ್ರ ಎಲ್ಲವೂ ಬಾಯಿಲೆಕ್ಕ. ಅದಕ್ಕೇ ಈ ಸಲ ಆ ಹುಡುಗಿಯ ಜೊತೆ ನಾವು ಬರೆದ ಲೆಕ್ಕವನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಲಾಳಿಕೆಯ ಲೆಕ್ಕ ಅಂದರೇನು?

ಎಣ್ಣೆಯನ್ನು ಡಬ್ಬಿಯಿಂದ ಬಾಟಲಿಗೆ ಸುರಿಯಲು ಲಾಳಿಕೆ ಇಡುತ್ತೇವಲ್ಲ, ಕೆಲವು ಕಡೆ ಆಲಿಕೆ ಅನ್ನುತ್ತಾರೆ, ಅದು ಮೇಲೆ ಅಗಲ, ಕೆಳಗೆ ಸಣ್ಣ. ಕೆಲಸದ ಹುಡುಕಾಟವೂ ಹಾಗೇ. ಮೇಲೆ ತುಂಬಾ ಸುದ್ದಿಗಳು ಬೀಳುತ್ತವೆ. ಇಂಥ ಅಂಗಡಿಯಲ್ಲಿ ಜನ ಬೇಕಂತೆ, ಪೇಪರಿನಲ್ಲಿ ಜಾಹೀರಾತು ಇದೆ, ಫೋನಿನಲ್ಲಿ ಯಾರೋ ಕಳಿಸಿದರು. ಇವನ್ನು ನಾನು ಸುಳಿವು ಅನ್ನುತ್ತೇನೆ. ಸುಳಿವುಗಳಲ್ಲಿ ಕೆಲವಕ್ಕೆ ಅರ್ಜಿ ಹಾಕುತ್ತೇವೆ. ಅರ್ಜಿಗಳಲ್ಲಿ ಕೆಲವರು ಇಂಟರ್‌ವ್ಯೂಗೆ ಕರೆಯುತ್ತಾರೆ. ಕರೆದ ಕಡೆಗಳಲ್ಲಿ ಕೆಲವಕ್ಕೆ ಹೋಗುತ್ತೇವೆ. ಹೋದ ಕಡೆಗಳಲ್ಲಿ ಒಬ್ಬಿಬ್ಬರು "ಬನ್ನಿ, ಸೇರಿಕೊಳ್ಳಿ" ಅನ್ನುತ್ತಾರೆ.

ನಿಜ ಹೇಳಬೇಕೆಂದರೆ ಲಾಳಿಕೆ ಅನ್ನುವ ಹೆಸರು ಅಷ್ಟು ಸರಿಯಲ್ಲ. ಲಾಳಿಕೆಗೆ ಸುರಿದದ್ದು ತಡವಾದರೂ ಪೂರ್ತಿ ಕೆಳಗೆ ಬರುತ್ತದೆ. ಇಲ್ಲಿ ಹಾಗಲ್ಲ, ಪ್ರತಿ ಹಂತದಲ್ಲೂ ಒಂದಿಷ್ಟು ಹೊರಗೆ ಚೆಲ್ಲಿಹೋಗುತ್ತದೆ. ಒಂದರ ಕೆಳಗೆ ಒಂದು ನಾಲ್ಕು ಜರಡಿ ಇಟ್ಟ ಹಾಗೆ ಅಂದರೆ ಹೆಚ್ಚು ಹೊಂದುತ್ತದೆ. ಆದರೂ ಲಾಳಿಕೆ ಅನ್ನುವ ಮಾತು ಬಳಕೆಯಲ್ಲಿದೆ, ಇರಲಿ.

ಎಲ್ಲಿ ಹೆಚ್ಚು ಚೆಲ್ಲುತ್ತಿದೆ ಅನ್ನುವುದು ಗೊತ್ತಾಗಬೇಕಾದರೆ ಒಂದು ನೋಟ್‌ಬುಕ್ ಸಾಕು. ಒಂದು ಸುಳಿವಿಗೆ ಒಂದು ಸಾಲು. ತಾರೀಖು, ಯಾವ ಊರು, ಯಾವ ಕೆಲಸ, ಸುಳಿವು ಎಲ್ಲಿಂದ ಬಂತು, ಅರ್ಜಿ ಹಾಕಿದ ತಾರೀಖು, ಕರೆ ಬಂದ ತಾರೀಖು, ಹೋದೆನೋ ಇಲ್ಲವೋ, ಕೊನೆಗೆ ಏನಾಯಿತು. ಇವಿಷ್ಟರಲ್ಲಿ "ಸುಳಿವು ಎಲ್ಲಿಂದ ಬಂತು" ಅನ್ನುವ ಕಲಮನ್ನು ಬಿಡಬೇಡಿ. ಎಲ್ಲರೂ ಬಿಡುವುದು ಅದನ್ನೇ, ಮುಂದೆ ಹೆಚ್ಚು ಉಪಯೋಗಕ್ಕೆ ಬರುವುದೂ ಅದೇ.

ಹುಡುಗಿಯ ಪುಸ್ತಕ

ಅವಳದ್ದು ಬಿ.ಕಾಂ. ಆಗಿದೆ. ಟ್ಯಾಲಿ ಕೋರ್ಸ್ ಮಾಡಿ ಸರ್ಟಿಫಿಕೇಟ್ ತೆಗೆದುಕೊಂಡಿದ್ದಾಳೆ. ಅಂಗಡಿ ಅಥವಾ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ ಬೇಕು. ಹನ್ನೊಂದು ವಾರದಿಂದ ಹುಡುಕುತ್ತಿದ್ದಳು. ಫೋನಿನಲ್ಲಿ ಉಳಿದ ಮೆಸೇಜುಗಳು, ಪೇಪರ್ ತುಣುಕುಗಳು, ನೆನಪು ಎಲ್ಲ ಸೇರಿಸಿ ಒಂದು ಮಧ್ಯಾಹ್ನ ಕೂತು ಬರೆದೆವು. ನೂರು ಅಂದದ್ದು 51 ಸುಳಿವುಗಳಾಯಿತು. ಅದರಲ್ಲಿ ಅರ್ಜಿ ಹಾಕಿದ್ದು 42. ಉಳಿದ ಒಂಬತ್ತರಲ್ಲಿ ಕೆಲವಕ್ಕೆ ತಾರೀಖು ದಾಟಿತ್ತು, ಕೆಲವು ನಂಬರು ಬರೆದುಕೊಂಡ ಚೀಟಿ ಕಳೆದುಹೋಗಿತ್ತು.

ಆ 42ರಲ್ಲಿ ಐದು ಅರ್ಜಿಗಳನ್ನು ಅದೇ ವಾರ ಹಾಕಿದ್ದಳು. ಅವನ್ನು ಲೆಕ್ಕದಿಂದ ಪಕ್ಕಕ್ಕೆ ಇಟ್ಟೆವು. ಇವತ್ತು ನಾಟಿ ಮಾಡಿದ ಸಸಿ ನಾಳೆ ಫಲ ಕೊಡಲಿಲ್ಲ ಅಂತ ಬರೆಯುವುದು ನ್ಯಾಯವಲ್ಲ. ಅಂಗಡಿಯವರಾದರೆ ಎರಡು ಮೂರು ದಿನದಲ್ಲೇ ಕರೆಯುತ್ತಾರೆ, ಶಾಲೆ ಆಸ್ಪತ್ರೆಗಳಲ್ಲಿ ಮೂರು ವಾರ ಆದರೂ ಆಗುತ್ತದೆ. ಅದಕ್ಕೆ ಮೂರು ವಾರ ತುಂಬಿದ ಅರ್ಜಿಗಳನ್ನು, ಅಥವಾ ಅದಕ್ಕೂ ಮೊದಲೇ ಉತ್ತರ ಬಂದವನ್ನು ಮಾತ್ರ ಎಣಿಸುವುದು ಅಂತ ಇಟ್ಟುಕೊಂಡೆವು. ಹಾಗೆ ಉಳಿದದ್ದು 37.

37 ಅರ್ಜಿಗೆ ಐದು ಕರೆ. ಅಂದರೆ ಏಳೆಂಟು ಅರ್ಜಿಗೆ ಒಂದು ಕರೆ. ಹೊಸದಾಗಿ ಓದು ಮುಗಿಸಿದವಳಿಗೆ ಇದೇನು ಕೆಟ್ಟ ಲೆಕ್ಕವಲ್ಲ. ಐದರಲ್ಲಿ ಒಂದು ಬೆಂಗಳೂರಿನಲ್ಲಿತ್ತು, ಮನೆಯಲ್ಲಿ ಬೇಡ ಅಂದರು, ಹೋಗಲಿಲ್ಲ. ನಾಲ್ಕು ಕಡೆ ಹೋದಳು. ಒಂದು ಕಡೆಯೂ ಆಗಲಿಲ್ಲ.

ಮನೆಯಲ್ಲಿ ಅಣ್ಣನ ಸಲಹೆ ಏನಿತ್ತು ಗೊತ್ತೇ? "ಇನ್ನೂ ನೂರು ಕಡೆ ಹಾಕು, ಎಲ್ಲಾದ್ರೂ ಒಂದು ಹತ್ತುತ್ತೆ." ಲೆಕ್ಕ ಹಾಕಿ ನೋಡಿ. ಇದೇ ರೀತಿ ಇನ್ನೂ ನೂರು ಹಾಕಿದರೆ ಹದಿಮೂರು ಹದಿನಾಲ್ಕು ಕರೆ ಬರಬಹುದು. ಆದರೆ ಹೋದ ನಾಲ್ಕು ಕಡೆ ಆದದ್ದೇ ಅಲ್ಲೂ ಆದರೆ? ಮೇಲಿನಿಂದ ಎಷ್ಟು ಸುರಿದರೂ ತೂತು ಕೆಳಗಿದ್ದರೆ ಬಾಟಲಿ ತುಂಬುವುದಿಲ್ಲ. ಆದ್ದರಿಂದ ನಾವು ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋದೆವು.

ಇಂಟರ್‌ವ್ಯೂನಲ್ಲಿ ಏನಾಯಿತು?

"ಏನು ಕೇಳಿದರು?" ಅಂದರೆ ಮೊದಲು ಅವಳು "ನೆನಪಿಲ್ಲ" ಅಂದಳು. ನಿಧಾನವಾಗಿ ಒಂದೊಂದೇ ಕೇಳಿದೆ. ನಾಲ್ಕರಲ್ಲಿ ಮೂರು ಕಡೆ ಕಂಪ್ಯೂಟರ್ ಮುಂದೆ ಕೂರಿಸಿ ಒಂದು ಖರೀದಿ ಬಿಲ್ ಕೊಟ್ಟು "ಇದನ್ನು ಟ್ಯಾಲಿಯಲ್ಲಿ ಹಾಕಮ್ಮ" ಅಂದಿದ್ದಾರೆ. ಕೋರ್ಸಿನಲ್ಲಿ ಕಲಿತದ್ದು ಪುಸ್ತಕದ ಲೆಕ್ಕ. ಕೈಗೆ ನಿಜವಾದ ಬಿಲ್ ಬಂದಿರಲಿಲ್ಲ. ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಯಮತ್ತೂರಿನಿಂದ ಬಂದ ಮೋಟಾರು ಬಿಲ್ಲಿಗೆ ಇವಳು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ತೆರಿಗೆಯನ್ನು ಎರಡು ಭಾಗ ಮಾಡಿ ಹಾಕಿದ್ದಾಳೆ. ರಾಜ್ಯದ ಒಳಗಿನ ಬಿಲ್ಲಿಗಾದರೆ ಅದು ಸರಿ. ಹೊರ ರಾಜ್ಯದ ಬಿಲ್ಲಿಗೆ ಐಜಿಎಸ್‌ಟಿ ಅಂತ ಒಂದೇ ತೆರಿಗೆ. ಅಂಗಡಿಯವರು ಏನೂ ಹೇಳಲಿಲ್ಲ. "ಫೋನ್ ಮಾಡ್ತೀವಮ್ಮ" ಅಂದರು, ಅಷ್ಟೇ. ಇವಳು "ನನಗೆ ಇಂಗ್ಲಿಷ್ ಬರಲ್ಲ, ಅದಕ್ಕೇ ತಗೊಳ್ಳಲಿಲ್ಲ" ಅಂತ ತಿಳಿದುಕೊಂಡಿದ್ದಳು. ನಾಲ್ಕರಲ್ಲಿ ಒಂದು ಕಡೆಯೂ ಇಂಗ್ಲಿಷಿನಲ್ಲಿ ಮಾತನಾಡಿಸಿಯೇ ಇರಲಿಲ್ಲ!

ನಾಲ್ಕನೆಯ ಕಡೆ ಬೇರೆ ಕಾರಣ. ಅಂಗಡಿ ಮುಚ್ಚುವುದು ರಾತ್ರಿ ಎಂಟಕ್ಕೆ, ಇವರ ಊರಿಗೆ ಕೊನೆಯ ಬಸ್ಸು ಏಳಕ್ಕೆ. ಇದನ್ನು ಅರ್ಜಿ ಹಾಕುವ ಮೊದಲೇ ಫೋನಿನಲ್ಲಿ ಕೇಳಿದ್ದರೆ ಒಂದು ದಿನ, ಬಸ್ ಚಾರ್ಜು ಉಳಿಯುತ್ತಿತ್ತು.

ಅದಕ್ಕೇ ಹೇಳುತ್ತೇನೆ, ಇಂಟರ್‌ವ್ಯೂ ಮುಗಿಸಿ ಬಂದ ಸಂಜೆಯೇ ಎರಡು ಸಾಲು ಬರೆದಿಡಿ. ಏನು ಮಾಡಿಸಿದರು, ಎಲ್ಲಿ ತಡವರಿಸಿದೆ. ಎರಡು ದಿನ ಬಿಟ್ಟರೆ ನೆನಪು ಹೋಗುತ್ತದೆ, ಬೇಸರ ಮಾತ್ರ ಉಳಿಯುತ್ತದೆ. ಬೇಸರದಲ್ಲಿ ನಾವು ಹುಡುಕುವ ಕಾರಣ ಹೆಚ್ಚಾಗಿ ತಪ್ಪು ಕಾರಣವೇ ಆಗಿರುತ್ತದೆ.

ಸುಳಿವು ಎಲ್ಲಿಂದ ಬಂತು?

ಇನ್ನು ಮೇಲಿನ ಹಂತ. 37 ಅರ್ಜಿಗಳನ್ನು ಸುಳಿವು ಬಂದ ದಾರಿಯ ಪ್ರಕಾರ ಮೂರು ಭಾಗ ಮಾಡಿದೆವು. ಫೋನಿನ ಉದ್ಯೋಗ ತಾಣಗಳಲ್ಲಿ ಒತ್ತಿದ್ದು 24, ಕರೆ ಒಂದು. ಪೇಪರ್ ಮತ್ತು ಅಂಗಡಿ ಬಾಗಿಲಿನ ಬೋರ್ಡು ನೋಡಿ ಹಾಕಿದ್ದು 7, ಕರೆ ಒಂದು. ಪರಿಚಯದವರು ಹೇಳಿ ಹಾಕಿದ್ದು ಬರೀ 6, ಕರೆ ಮೂರು.

ಇದನ್ನು ನೋಡಿದ ಕೂಡಲೇ ಅವಳ ತಾಯಿ "ಹಾಗಾದ್ರೆ ಫೋನಿನದ್ದು ಬಿಟ್ಟೇಬಿಡೋಣ" ಅಂದರು. ಸ್ವಲ್ಪ ತಡೆಯಿರಿ ಅಂದೆ. ಆ 24ನ್ನು ಒಂದೊಂದಾಗಿ ನೋಡಿದರೆ ಒಂಬತ್ತು ಬೆಂಗಳೂರಿನವು, ಅವಳು ಹೋಗುವ ಹಾಗೇ ಇಲ್ಲ. ಬಂದ ಒಂದು ಕರೆಯೂ ಅದರದ್ದೇ. ಎಂಟು ಕೆಲಸಕ್ಕೆ ಎರಡು ವರ್ಷದ ಅನುಭವ ಬೇಕು ಅಂತ ಅಲ್ಲೇ ಬರೆದಿತ್ತು. ಅವಳಿಗೆ ನಿಜವಾಗಿ ಹೊಂದುವಂಥವು ಏಳೇ ಏಳು. ರಾತ್ರಿ ಮಲಗುವ ಮುಂಚೆ ಕಂಡದ್ದಕ್ಕೆಲ್ಲ ಒತ್ತುತ್ತಾ ಹೋದರೆ ಅರ್ಜಿ ಹಾಕಿದ ಸಮಾಧಾನ ಸಿಗುತ್ತದೆ, ಪುಸ್ತಕದಲ್ಲಿ ಸಂಖ್ಯೆ ಬೆಳೆಯುತ್ತದೆ, ಅಷ್ಟೇ.

ಈಗ ಆ ಏಳಕ್ಕೆ ಕರೆ ಬರಲಿಲ್ಲ ಅನ್ನುವುದರಿಂದ ಏನಾದರೂ ತೀರ್ಮಾನ ಮಾಡಬಹುದೇ? ಇಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಲ್ಲೇ ತುಂಬಾ ಜನ ಎದೆಗುಂದುವುದು. ಹತ್ತು ಅರ್ಜಿಗೆ ಒಂದು ಕರೆ ಬರುವ ದಾರಿ ಒಂದಿದೆ ಅಂತ ಇಟ್ಟುಕೊಳ್ಳಿ. ಆ ದಾರಿಯಲ್ಲಿ ನೂರು ಜನ ಹುಡುಗಿಯರು ತಲಾ ಹತ್ತು ಅರ್ಜಿ ಹಾಕಿದರೆ ಎಲ್ಲರಿಗೂ ಒಂದೊಂದು ಕರೆ ಬರುವುದಿಲ್ಲ. ಕೆಲವರಿಗೆ ಎರಡು ಮೂರು ಬರುತ್ತದೆ, ಸುಮಾರು 35 ಜನರಿಗೆ ಒಂದೂ ಬರುವುದಿಲ್ಲ. ತಲಾ ಇಪ್ಪತ್ತು ಹಾಕಿದರೆ ಒಂದೂ ಕರೆ ಬಾರದವರು ಸುಮಾರು 12. ತಲಾ ಮೂವತ್ತು ಹಾಕಿದರೆ ಸುಮಾರು ನಾಲ್ಕು. ಅಂದರೆ ಹತ್ತು ಅರ್ಜಿಗೆ ಕರೆ ಬಾರದಿದ್ದರೆ ಅದು ಬರೀ ಅದೃಷ್ಟದ ಮಾತೂ ಆಗಿರಬಹುದು. ಹೊಂದುವಂಥ ಕೆಲಸಕ್ಕೇ ಹಾಕಿದ ಮೂವತ್ತು ಅರ್ಜಿಗೆ ಒಂದೂ ಕರೆ ಇಲ್ಲ ಅಂದರೆ ಆಗ ಅದೃಷ್ಟ ಅಂತ ಕೂರುವ ಹಾಗಿಲ್ಲ, ಬಯೋಡೇಟಾದಲ್ಲೋ ಹುಡುಕುವ ದಾರಿಯಲ್ಲೋ ಏನೋ ಕೆಟ್ಟಿದೆ.

ಕರೆ ಬಾರದಿರುವುದಕ್ಕೆ ಒಂದು ಸಣ್ಣ ಕಾರಣವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇನ್ನೊಂದು ಸಂಘದ ಸದಸ್ಯೆಯೊಬ್ಬರು ಹಾಸ್ಟೆಲ್ ಅಡುಗೆ ಕೆಲಸಕ್ಕೆ ಹದಿನೈದು ಕಡೆ ಹೆಸರು ಕೊಟ್ಟಿದ್ದರು. ಒಂದೂ ಕರೆ ಇಲ್ಲ. ಕೊಟ್ಟ ನಂಬರು ಗಂಡನದ್ದು, ಫೋನು ಹಗಲೆಲ್ಲ ಅವರ ಜೊತೆ ಗಾರೆ ಕೆಲಸದಲ್ಲಿ. ಗೊತ್ತಿಲ್ಲದ ನಂಬರು ಬಂದರೆ ಅವರು ಎತ್ತುತ್ತಿರಲಿಲ್ಲ. ಹಳೆಯ ಕರೆಗಳನ್ನು ತೆಗೆದು ನೋಡಿದರೆ ಎತ್ತದ ಕರೆಗಳು ಸಾಲಾಗಿ ಇದ್ದವು. ಎರಡು ಹಾಸ್ಟೆಲಿನವರು ಮೂರು ಮೂರು ಸಲ ಮಾಡಿದ್ದರು. ಕರೆ ಬರುತ್ತಿಲ್ಲ ಅಂತ ಬರೆಯುವ ಮೊದಲು ಬಯೋಡೇಟಾದಲ್ಲಿರುವ ನಂಬರು ಯಾರ ಕೈಯಲ್ಲಿದೆ ನೋಡಿ.

ಪರಿಚಯ ಅಂದರೆ ಯಾರ ಪರಿಚಯ?

ಆರು ಅರ್ಜಿಗೆ ಮೂರು ಕರೆ ಬಂದದ್ದು ಪರಿಚಯದವರಿಂದ ಅಂದೆನಲ್ಲ. ಆ ಮೂರನ್ನು ಹೇಳಿದವರು ಯಾರು ಅಂತ ನೋಡಿದರೆ ಚಿಕ್ಕಪ್ಪ, ಅತ್ತೆ ಯಾರೂ ಅಲ್ಲ. ಒಬ್ಬರು ಹಳೆಯ ಕಾಲೇಜಿನ ಗುಮಾಸ್ತರು. ಇನ್ನೊಬ್ಬರು ಬಸ್ಸಿನಲ್ಲಿ ಜೊತೆಗೆ ಬರುತ್ತಿದ್ದ ನರ್ಸು. ಮೂರನೆಯವರು ಒಕ್ಕೂಟದ ಸಭೆಯಲ್ಲಿ ತಾಯಿಗೆ ಸಿಕ್ಕ ಬೇರೆ ಊರಿನ ಸಂಘದವರು.

ಇದರಲ್ಲಿ ಆಶ್ಚರ್ಯವಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅನ್ನುವವರು ನ್ಯೂಟನ್ ಅನ್ನುವ ಊರಿನಲ್ಲಿ, ಪರಿಚಯಸ್ಥರ ಮೂಲಕ ಕೆಲಸ ಸಿಕ್ಕವರನ್ನು ವಿಚಾರಿಸಿ 1973ರಲ್ಲಿ ಒಂದು ಲೇಖನ ಬರೆದರು. ನಾವು ಎಂಎಸ್‌ಡಬ್ಲ್ಯೂ ಓದುವಾಗ ಇದರ ಬಗ್ಗೆ ಕೇಳಿದ್ದೆವು. ವಾರಕ್ಕೆ ಎರಡು ಸಲವಾದರೂ ಭೇಟಿಯಾಗುವ ಆಪ್ತರಿಂದ ಸುದ್ದಿ ತಿಳಿದವರು ನೂರರಲ್ಲಿ ಸುಮಾರು 17 ಮಾತ್ರ. ಸುಮಾರು 56 ಜನರಿಗೆ ಸುದ್ದಿ ಹೇಳಿದ್ದು ಆಗೊಮ್ಮೆ ಈಗೊಮ್ಮೆ ಸಿಗುವವರು, ಸುಮಾರು 28 ಜನರಿಗೆ ವರ್ಷಕ್ಕೊಮ್ಮೆ ಸಿಗುವವರು ಅಥವಾ ಅದೂ ಇಲ್ಲದವರು. ಅವರು ವಿಚಾರಿಸಿದ್ದು ಓದಿ ದೊಡ್ಡ ಕೆಲಸದಲ್ಲಿದ್ದವರನ್ನು, ಆ ಅಂಕಿ ನಮ್ಮ ಊರಿಗೆ ಹಾಗೆಯೇ ಹೊಂದುತ್ತದೆ ಅನ್ನಲಾರೆ. ಆದರೆ ಕಾರಣ ಇಲ್ಲಿಗೂ ಹೊಂದುತ್ತದೆ. ಮನೆಯವರಿಗೆ, ಅಕ್ಕಪಕ್ಕದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಬೇರೆ ಬೀದಿ, ಬೇರೆ ಊರು, ಬೇರೆ ಕೆಲಸದವರಿಗೆ ಬೇರೆ ಸುದ್ದಿ ಗೊತ್ತಿರುತ್ತದೆ.

ಆದ್ದರಿಂದ ಹುಡುಗಿಯ ತಾಯಿ ಒಕ್ಕೂಟದ ಮುಂದಿನ ಸಭೆಯಲ್ಲಿ "ನನ್ನ ಮಗಳಿಗೆ ಏನಾದ್ರೂ ಕೆಲಸ ನೋಡಿ" ಅನ್ನಲಿಲ್ಲ. ಹಾಗೆ ಕೇಳಿದರೆ ಎಲ್ಲರೂ "ಆಯ್ತು ನೋಡೋಣ" ಅಂದು ಮರೆಯುತ್ತಾರೆ. "ನಿಮ್ಮ ಊರಿನಲ್ಲಿ ಗೊಬ್ಬರದ ಅಂಗಡಿ, ಅಡಿಕೆ ಮಂಡಿ, ಬಿಡಿಭಾಗದ ಅಂಗಡಿ ಯಾವುದರಲ್ಲಿ ಲೆಕ್ಕ ಬರೆಯೋರು ಬಿಟ್ಟು ಹೋಗಿದಾರೆ?" ಅಂತ ಕೇಳಿದರು. ಇದಕ್ಕೆ ಉತ್ತರ ಹೇಳುವುದು ಸುಲಭ.

ಏನು ಬದಲಿಸಿದರು, ಏನಾಯಿತು?

ಎರಡೇ ಬದಲಾವಣೆ. ಒಂದು, ಮೇಲಿನ ಹಂತದ್ದು. ಬಸ್ ಸಮಯಕ್ಕೆ, ಅನುಭವಕ್ಕೆ ಹೊಂದದ ಕೆಲಸಕ್ಕೆ ಅರ್ಜಿ ಹಾಕುವುದನ್ನು ನಿಲ್ಲಿಸಿ, ಒಕ್ಕೂಟದ ಮೂಲಕ ಸುಳಿವು ಹೆಚ್ಚಿಸಿದಳು. ಇನ್ನೊಂದು, ಕೆಳಗಿನ ಹಂತದ್ದು. ತೆರಿಗೆ ಲೆಕ್ಕ ಬರೆಯುವ ಒಬ್ಬರ ಕಚೇರಿಯಲ್ಲಿ ಮೂರು ವಾರ ಬೆಳಗಿನ ಹೊತ್ತು ಕೂತು ನಿಜವಾದ ಬಿಲ್ಲುಗಳನ್ನು ಹಾಕಿದಳು. ಅವರು ಬಸ್ ಚಾರ್ಜು ಮಾತ್ರ ಕೊಟ್ಟರು.

ಒಟ್ಟಿಗೆ ಎರಡು ಬದಲಿಸಿದರೆ ಯಾವುದರಿಂದ ಉಪಯೋಗವಾಯಿತು ಅಂತ ಹೇಗೆ ತಿಳಿಯುತ್ತದೆ ಅಂತ ನೀವು ಕೇಳಬಹುದು. ಒಂದೇ ಹಂತದಲ್ಲಿ ಎರಡು ಬದಲಿಸಿದರೆ ತಿಳಿಯುವುದಿಲ್ಲ. ಬಯೋಡೇಟಾ ತಿದ್ದಿ, ಅದೇ ವಾರ ಹುಡುಕುವ ದಾರಿಯನ್ನೂ ಬದಲಿಸಿದರೆ ಎರಡೂ ಕಲಸಿಹೋಗುತ್ತವೆ. ಇಲ್ಲಿ ಹಾಗಾಗಲಿಲ್ಲ. ಸುಳಿವಿನ ಬದಲಾವಣೆ ಕಾಣಿಸಬೇಕಾದದ್ದು ಅರ್ಜಿಯಿಂದ ಕರೆಗೆ ಹೋಗುವ ಲೆಕ್ಕದಲ್ಲಿ, ಬಿಲ್ಲಿನ ಅಭ್ಯಾಸ ಕಾಣಿಸಬೇಕಾದದ್ದು ಇಂಟರ್‌ವ್ಯೂನಿಂದ ಕೆಲಸಕ್ಕೆ ಹೋಗುವ ಲೆಕ್ಕದಲ್ಲಿ.

ಮುಂದಿನ ಎಂಟು ವಾರದ ಪುಟದಲ್ಲಿ ಸುಳಿವು 21, ಅರ್ಜಿ 17. ಮೊದಲಿನದಕ್ಕಿಂತ ಅರ್ಧಕ್ಕೂ ಕಡಿಮೆ, ಅಣ್ಣನಿಗೆ ಇದು ಸೋಮಾರಿತನ ಅಂತಲೇ ಕಂಡಿತು. ಕರೆ ಬಂದದ್ದು ಆರು, ಅದರಲ್ಲಿ ಐದು ಪರಿಚಯದವರು ಹೇಳಿದ ಕಡೆಗಳಿಂದ. ಮೂರು ಅರ್ಜಿಗೆ ಒಂದು ಕರೆಯ ಹಾಗಾಯಿತು. ಆರು ಕಡೆಗೂ ಹೋದಳು. ಎರಡು ಕಡೆ "ಸೇರಿಕೊಳ್ಳಿ" ಅಂದರು. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯೊಂದನ್ನು ಆರಿಸಿಕೊಂಡಳು. ಸಂಬಳ ಇನ್ನೊಂದಕ್ಕಿಂತ ಸಾವಿರ ರೂಪಾಯಿ ಕಡಿಮೆ, ಆದರೆ ಆರಕ್ಕೆ ಬಿಡುತ್ತಾರೆ. ಆರು ಇಂಟರ್‌ವ್ಯೂ ಸಣ್ಣ ಸಂಖ್ಯೆ, ಅದೃಷ್ಟವೂ ಸ್ವಲ್ಪ ಸೇರಿರಬಹುದು. ಆದರೆ ಬಿಲ್ಲು ಕೊಟ್ಟ ಕಡೆಯೆಲ್ಲ ಈ ಸಲ ತಪ್ಪಿಲ್ಲದೆ ಹಾಕಿದೆ ಅಂತ ಅವಳೇ ಪುಸ್ತಕದಲ್ಲಿ ಬರೆದಿದ್ದಾಳೆ.

ಲೆಕ್ಕಕ್ಕೆ ಸೇರದವು

ಕೆಲವು ಸುಳಿವುಗಳನ್ನು ಪುಸ್ತಕದಲ್ಲಿ ಬರೆದು ಕೆಂಪು ಗೆರೆ ಎಳೆಯಬೇಕು. ನೋಂದಣಿಗೆ, ಯೂನಿಫಾರ್ಮಿಗೆ, ಟ್ರೈನಿಂಗಿಗೆ ಅಂತ ಮೊದಲೇ ದುಡ್ಡು ಕೇಳುವವರು, ಮೂಲ ಅಂಕಪಟ್ಟಿಯನ್ನು ಇಟ್ಟುಕೊಳ್ಳುತ್ತೇವೆ ಅನ್ನುವವರು, ಬ್ಯಾಂಕಿನ ಓಟಿಪಿ ಕೇಳುವವರು. ಇಂಥ ಕಡೆಯಿಂದ "ಸೆಲೆಕ್ಟ್ ಆಗಿದೀರಿ" ಅಂತ ಕರೆ ಬಂದರೆ ಅದನ್ನು ಕರೆಯ ಕಲಮಿಗೆ ಸೇರಿಸಬೇಡಿ, ಲೆಕ್ಕ ಸುಳ್ಳಾಗುತ್ತದೆ. ಸರ್ಕಾರದ ರಾಷ್ಟ್ರೀಯ ವೃತ್ತಿ ಸೇವೆ ತಾಣ, ncs.gov.in, 2015ರಲ್ಲಿ ಶುರುವಾದದ್ದು. ಕೆಲಸ ಹುಡುಕುವವರ ನೋಂದಣಿಗೆ ಅಲ್ಲಿ ದುಡ್ಡಿಲ್ಲ. ಅದರ ಹೆಸರು ಹೇಳಿ ಯಾರಾದರೂ ದುಡ್ಡು ಕೇಳಿದರೆ ಅದಕ್ಕೂ ಕೆಂಪು ಗೆರೆಯೇ.

ಇನ್ನೊಂದು ಕಲಮು ಹೆಣ್ಣುಮಕ್ಕಳ ಪುಸ್ತಕದಲ್ಲಿ ಬೇಕೇ ಬೇಕು. ಕೆಲಸ ಸಿಕ್ಕರೂ ಸೇರಲಿಲ್ಲ, ಯಾಕೆ? ರಾತ್ರಿ ಪಾಳಿ, ದೂರ, ಮಗುವನ್ನು ನೋಡುವವರಿಲ್ಲ, ಗಂಡ ಬೇಡ ಅಂದರು. ಇದನ್ನು ಬರೆಯಲು ಸಂಕೋಚಪಡುತ್ತಾರೆ. ಆದರೆ ಮೂರು ಸಲ ಒಂದೇ ಕಾರಣ ಬಂದರೆ, ಆ ಮಾತನ್ನು ಕೆಲಸ ಸಿಕ್ಕ ದಿನ ಆಡುವುದಲ್ಲ, ಹುಡುಕಲು ಶುರುಮಾಡುವ ಮೊದಲೇ ಮನೆಯಲ್ಲಿ ಕೂತು ಆಡಬೇಕು. ಭದ್ರಾವತಿಯ ಆ ಹುಡುಗಿಯ ಮನೆಯಲ್ಲಿ "ಬೆಂಗಳೂರು ಬೇಡ, ಶಿವಮೊಗ್ಗ ಆಗಬಹುದು, ಏಳರ ಬಸ್ಸಿಗೆ ಮನೆಗೆ ಹೊರಡಬೇಕು" ಅಂತ ಮೂರು ಸಾಲು ಪುಸ್ತಕದ ಮೊದಲ ಪುಟದಲ್ಲಿ ಅಪ್ಪನ ಎದುರಿಗೇ ಬರೆದೆವು. ಅದಾದ ಮೇಲೆ ಬೆಂಗಳೂರಿನ ಒಂದು ಸುಳಿವೂ ಪುಸ್ತಕಕ್ಕೆ ಬರಲಿಲ್ಲ.

ನೋಟ್‌ಬುಕ್ಕಿನ ಕಲಮುಗಳನ್ನು ಹಾಕುವುದು ಹೇಗೆ ಅಂತ ನಿಮ್ಮ ಸಂಘದ ಪುಸ್ತಕ ಬರೆಯುವವರಿಗೆ ಈಗಾಗಲೇ ಗೊತ್ತು. ಮುಂದಿನ ತಿಂಗಳ ಸಭೆಗೆ ಬರುವಾಗ ಕೆಲಸ ಹುಡುಕುತ್ತಿರುವವರನ್ನೂ, ಅವರ ಫೋನನ್ನೂ ಜೊತೆಗೆ ಕರೆತನ್ನಿ. ಹಳೆಯ ಮೆಸೇಜುಗಳನ್ನು ಅಳಿಸಬೇಡಿ ಅಂತ ಮೊದಲೇ ಹೇಳಿಡಿ, ಮೊದಲ ಪುಟ ಬರೆಯಲು ಅವು ಬೇಕಾಗುತ್ತವೆ.